ಹೊಟ್ಟೆಯಲ್ಲಿ ಗುಳುಗುಳು ಸದ್ದು ಕೇಳಿತು ಅಂತ ರೈಲ್ಸ್ ಟ್ಯೂಬಿಗೆ ಹಾಲು ಹಾಕಬೇಡಿ

ಮನೆಯಲ್ಲಿ ಯಾರಿಗಾದರೂ ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಟ್ಯೂಬ್ ಬದಲಿಸಲು ಬಂದವರು ಸಿರಿಂಜಿನಿಂದ ಗಾಳಿ ಬಿಟ್ಟು, ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟು, "ಸದ್ದು ಬಂತು, ಟ್ಯೂಬ್ ಸರಿಯಾಗಿದೆ" ಎಂದರೆ ಒಪ್ಪಬೇಡಿ. ನಮ್ಮ ಮಾವನವರ ಶ್ವಾಸಕೋಶಕ್ಕೆ ಹಾಲು ಹೋಗಿದ್ದು ಆ ಸದ್ದು ಚೆನ್ನಾಗಿ ಕೇಳಿಸಿದ ಮೇಲೆಯೇ.

ನಾವಿರುವುದು ಡೊಂಬಿವಲಿಯಲ್ಲಿ. ಮಾವನವರಿಗೆ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ತಪ್ಪಿತ್ತು. ನುಂಗಲು ಆಗುತ್ತಿರಲಿಲ್ಲ. ಆಸ್ಪತ್ರೆಯವರು ಟ್ಯೂಬ್ ಹಾಕಿ, ಎಕ್ಸ್-ರೇ ತೆಗೆದು ನೋಡಿ, ಆಮೇಲೆ ಮನೆಗೆ ಕಳಿಸಿದ್ದರು. ಕೆಲವು ವಾರ ಎಲ್ಲ ಸರಿಯಾಗಿಯೇ ಇತ್ತು. ಒಂದು ಬೆಳಗಿನ ಜಾವ ಅವರು ನಿದ್ದೆಗಣ್ಣಿನಲ್ಲಿ ಎಡಗೈಯಿಂದ ಟ್ಯೂಬನ್ನು ಪೂರ್ತಿ ಕಿತ್ತುಬಿಟ್ಟರು. ನರ್ಸಿಂಗ್ ಬ್ಯೂರೋ ಒಂದಕ್ಕೆ ಫೋನ್ ಮಾಡಿದೆವು. ಸ್ವಲ್ಪ ಹೊತ್ತಿಗೆ ಒಬ್ಬ ಬ್ರದರ್ ಬಂದರು.

ಅವರ ಕೈ ಚುರುಕಾಗಿತ್ತು. ಜೆಲ್ ಹಚ್ಚಿ ಟ್ಯೂಬನ್ನು ಒಳಗೆ ತಳ್ಳಿದರು. ಎಷ್ಟು ಉದ್ದ ಒಳಗೆ ಹೋಗಬೇಕು ಅಂತ ಅಳೆಯಲಿಲ್ಲ. ಮೂಗಿನ ತುದಿಯಿಂದ ಕಿವಿಯ ಹಾಲೆಯವರೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಯವರೆಗೆ ಟ್ಯೂಬನ್ನು ಹಿಡಿದು ಅಳೆದು ಗುರುತು ಮಾಡಿಕೊಳ್ಳಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ ಅದು 50 ರಿಂದ 60 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಇವರು ಟ್ಯೂಬ್ ಮೇಲಿದ್ದ ಗೆರೆ ನೋಡಿ ಅಂದಾಜಿನಲ್ಲಿ ನಿಲ್ಲಿಸಿದರು. ಸಿರಿಂಜ್ ಹಾಕಿ ಎಳೆದರೆ ಏನೂ ಬರಲಿಲ್ಲ. "ಪೇಟ್ ಖಾಲಿ ಹೈ" ಎಂದರು. ಆಮೇಲೆ ಗಾಳಿ ಬಿಟ್ಟು ಸ್ಟೆತಸ್ಕೋಪಿನಲ್ಲಿ ಕೇಳಿ, "ಆವಾಜ್ ಆ ಗಯಾ, ಫೀಡ್ ಚಾಲೂ ಕರೋ" ಎಂದರು. ಬೇಕಾದರೆ ನೀವೂ ಕೇಳಿ ಅಂತ ನನ್ನ ಕಿವಿಗೂ ಕೊಟ್ಟರು. ನನಗೂ ಕೇಳಿಸಿತು, ಗುಳುಗುಳು ಅಂತ, ಸ್ಪಷ್ಟವಾಗಿ.

ಅವರೇ ನಿಂತು 200 ಎಂ.ಎಲ್. ಹಾಲು ಹಾಕಿದರು. ಮಾವನವರು ಕೆಮ್ಮಲಿಲ್ಲ. ಕಣ್ಣಲ್ಲಿ ನೀರು ಬಂತು, ಅಷ್ಟೇ. ಬ್ರದರ್ ದುಡ್ಡು ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅತ್ತೆ ಕರೆದರು: "ಬಾರೇ ಇಲ್ಲಿ, ಇವರು ಯಾಕೋ ಹೀಗೆ ಉಸಿರು ಎಳೀತಿದಾರೆ." ಹೋಗಿ ನೋಡಿದರೆ ಹೊಟ್ಟೆ, ಪಕ್ಕೆ ಎಲ್ಲ ಒಳಗೆಳೆದುಕೊಂಡು ಉಸಿರಾಡುತ್ತಿದ್ದರು. ಗಂಟಲಲ್ಲಿ ಗೊರಗೊರ. ಬೆಳಿಗ್ಗೆ 96 ತೋರಿಸಿದ್ದ ಆಕ್ಸಿಮೀಟರ್ 84 ಕ್ಕೆ ಇಳಿದಿತ್ತು.

ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ತೆಗೆದ ಎಕ್ಸ್-ರೇಯನ್ನು ಡಾಕ್ಟರ್ ನಮಗೆ ತೋರಿಸಿದರು. ಟ್ಯೂಬ್ ಬಿಳಿ ಗೆರೆಯಾಗಿ ಕಾಣುತ್ತದೆ. ಸರಿಯಾದ ಜಾಗದಲ್ಲಿದ್ದರೆ ಆ ಗೆರೆ ಎದೆಯ ನಡುವೆ ನೇರ ಇಳಿಯಬೇಕು. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ ಬಂದರೂ ಯಾವ ಕಡೆಗೂ ತಿರುಗಬಾರದು. ಎದೆಗೂ ಹೊಟ್ಟೆಗೂ ಮಧ್ಯೆ ಇರುವ ವಪೆಯನ್ನು ನಡುವಿನಲ್ಲೇ ದಾಟಿ, ಕೆಳಗೆ ಎಡಕ್ಕೆ ಹೋಗಿ ತುದಿ ಹೊಟ್ಟೆಯಲ್ಲಿ ಕಾಣಬೇಕು. ಮಾವನವರದ್ದು ಕವಲಿನ ಹತ್ತಿರ ಬಲಕ್ಕೆ ತಿರುಗಿ ಶ್ವಾಸಕೋಶದೊಳಗೆ ಇಳಿದಿತ್ತು. ಬಲಗಡೆಯ ಕವಲು ಎಡಗಡೆಯದಕ್ಕಿಂತ ಅಗಲ, ನೆಟ್ಟಗೆ ಕೂಡ. ದಾರಿ ತಪ್ಪಿದ ಟ್ಯೂಬ್ ಹೆಚ್ಚಾಗಿ ಅಲ್ಲಿಗೇ ಹೋಗುತ್ತದಂತೆ. ಆಮೇಲೆ ನ್ಯುಮೋನಿಯಾ, ಐಸಿಯು, ವೆಂಟಿಲೇಟರ್. ಮಾವನವರು ಬದುಕಿ ಬಂದರು. ಆದರೆ ಸ್ಟ್ರೋಕ್ ನಂತರ ಕಷ್ಟಪಟ್ಟು ಗಳಿಸಿದ್ದ ಶಕ್ತಿಯೆಲ್ಲ ಆ ಹಾಸಿಗೆಯಲ್ಲೇ ಹೋಯಿತು.

ಕೆಮ್ಮು ಯಾಕೆ ಬರಲಿಲ್ಲ ಅಂತ ನಾನು ಡಾಕ್ಟರನ್ನು ಕೇಳಿದೆ. ಟ್ಯೂಬ್ ತಪ್ಪು ದಾರಿ ಹಿಡಿದರೆ ಪೇಷಂಟ್ ಕೆಮ್ಮುತ್ತಾರೆ, ಒದ್ದಾಡುತ್ತಾರೆ ಅಂತ ಎಲ್ಲರೂ ಅಂದುಕೊಂಡಿರುತ್ತೇವೆ. ಸ್ಟ್ರೋಕ್ ಆದವರಲ್ಲಿ, ಪ್ರಜ್ಞೆ ಮಂಕಾದವರಲ್ಲಿ ಗಂಟಲಿನ ಆ ಕಾವಲೇ ಕೆಲಸ ಮಾಡದೆ ಇರಬಹುದು. ನುಂಗಲು ಬರದವರಿಗೇ ಅಲ್ವಾ ಈ ಟ್ಯೂಬ್ ಹಾಕುವುದು? ಕೆಮ್ಮಿಲ್ಲ ಅನ್ನುವುದು ಧೈರ್ಯ ಕೊಡುವ ಮಾತೇ ಅಲ್ಲ.

ಇನ್ನು ಆ ಸದ್ದು. ಅದು ಸುಳ್ಳಲ್ಲ, ನಾನೇ ಕೇಳಿದ್ದೇನೆ. ಆದರೆ ಎಲ್ಲಿಂದ ಬಂತು ಅನ್ನುವುದು ಕಿವಿಗೆ ತಿಳಿಯುವುದಿಲ್ಲ. ಗಾಳಿ ಶ್ವಾಸಕೋಶದ ಕೆಳಭಾಗದಲ್ಲಿ ಗುಳುಗುಳು ಅಂದರೂ, ಅನ್ನನಾಳದಲ್ಲಿ ಅಂದರೂ ಹೊಟ್ಟೆಯ ಮೇಲೆ ಹಾಗೆಯೇ ಕೇಳಿಸುತ್ತದೆ. ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯ ಮಿಕ್ಸಿ ನಮ್ಮ ಅಡುಗೆಮನೆಯಲ್ಲೇ ಓಡುತ್ತಿರುವ ಹಾಗೆ ಕೇಳಿಸುತ್ತದಲ್ಲ, ಹಾಗೆ. ಇಂಗ್ಲೆಂಡಿನಲ್ಲಿ 2005 ರಲ್ಲೇ ಈ ಗಾಳಿ ಪರೀಕ್ಷೆ ಮಾಡಬೇಡಿ ಅಂತ ಎಲ್ಲ ಆಸ್ಪತ್ರೆಗಳಿಗೆ ಸುರಕ್ಷತಾ ಎಚ್ಚರಿಕೆ ಹೋಗಿತ್ತು. 2011 ರಲ್ಲಿ ಮತ್ತೆ ಹೇಳಿದರು. ಇಷ್ಟಾದರೂ ನಮ್ಮಲ್ಲಿ ಮನೆಮನೆಗೆ ಬರುವವರು ಇದೊಂದನ್ನೇ ಮಾಡಿ ಹೋಗುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಟ್ಯೂಬಿನ ಹೊರತುದಿಯನ್ನು ನೀರಿನ ಲೋಟದಲ್ಲಿ ಅದ್ದಿ ಗುಳ್ಳೆ ನೋಡುವ ಪರೀಕ್ಷೆಯೂ ಅಷ್ಟೇ. ಹೊಟ್ಟೆಯಲ್ಲೂ ಗಾಳಿ ಇರುತ್ತದೆ, ಗುಳ್ಳೆ ಬರಬಹುದು. ಟ್ಯೂಬಿನ ತೂತು ಶ್ವಾಸನಾಳದ ಗೋಡೆಗೆ ಅಂಟಿಕೊಂಡಿದ್ದರೆ ಶ್ವಾಸಕೋಶದಲ್ಲಿದ್ದೂ ಗುಳ್ಳೆ ಬರದೆ ಇರಬಹುದು.

ಹಾಗಾದರೆ ಏನು ಮಾಡಬೇಕು? ಸಿರಿಂಜಿನಿಂದ ಸ್ವಲ್ಪ ದ್ರವ ಎಳೆದು, ಆಮ್ಲ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಸ್ಟ್ರಿಪ್ ಮೇಲೆ ಹಾಕಿ ನೋಡಬೇಕು. ಒಂದು ಎಂ.ಎಲ್. ಇದ್ದರೂ ಸಾಕು. ಹೊಟ್ಟೆಯಲ್ಲಿ ಆಮ್ಲ ಇರುವುದರಿಂದ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಟ್ಯೂಬ್ ಹೊಟ್ಟೆಯಲ್ಲಿದೆ ಅಂತ ಫೀಡ್ ಶುರು ಮಾಡಬಹುದು. ಸ್ಕೂಲಿನ ಲ್ಯಾಬಿನಲ್ಲಿದ್ದ ಲಿಟ್ಮಸ್ ಪೇಪರ್ ಇದಕ್ಕೆ ಆಗುವುದಿಲ್ಲ. ಅದು ಆಮ್ಲವೋ ಅಲ್ಲವೋ ಅಂತ ಮಾತ್ರ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಅರ್ಧ ಅರ್ಧ ಅಂಕಿಗೆ ಬಣ್ಣ ಬದಲಾಗುವ ಸ್ಟ್ರಿಪ್ ಬೇಕು. ದೊಡ್ಡ ಆಸ್ಪತ್ರೆಗಳ ಹತ್ತಿರದ ಸರ್ಜಿಕಲ್ ಅಂಗಡಿಯಲ್ಲಿ ವಿಚಾರಿಸಿ.

ದ್ರವ ಬರಲಿಲ್ಲ ಅಂತ "ಪೇಟ್ ಖಾಲಿ" ಎಂದು ಬಿಟ್ಟುಬಿಡಬಾರದು. ಪೇಷಂಟನ್ನು ಎಡ ಮಗ್ಗುಲಿಗೆ ತಿರುಗಿಸಿ. ದೊಡ್ಡ ಸಿರಿಂಜಿನಲ್ಲಿ 10 ರಿಂದ 20 ಎಂ.ಎಲ್. ಗಾಳಿ ಬಿಡಬಹುದು. ಇಲ್ಲಿ ಗಾಳಿ ಬಿಡುವುದು ಸದ್ದು ಕೇಳಲು ಅಲ್ಲ, ಹೊಟ್ಟೆಯ ಗೋಡೆಗೆ ಅಂಟಿದ ತುದಿಯನ್ನು ಬಿಡಿಸಲು. 15 ರಿಂದ 30 ನಿಮಿಷ ಕಾದು ಮತ್ತೆ ಮೆಲ್ಲಗೆ ಎಳೆದು ನೋಡಿ. ಆಗಲೂ ಬರದಿದ್ದರೆ, ಅಥವಾ ಪಿಎಚ್ ಜಾಸ್ತಿ ಬಂದರೆ, ಎಕ್ಸ್-ರೇ ಆಗಲೇಬೇಕು. ಅಲ್ಲಿಯವರೆಗೆ ಹಾಲು ಬೇಡ, ಮಾತ್ರೆ ಬೇಡ, "ಸ್ವಲ್ಪ ನೀರು ಬಿಟ್ಟು ನೋಡೋಣ" ಅನ್ನುವುದಂತೂ ಬೇಡವೇ ಬೇಡ. ಎದ್ದು ಓಡಾಡಲಾಗದವರ ಎಕ್ಸ್-ರೇ ಮನೆಗೇ ಬಂದು ತೆಗೆಯುವವರು ಮುಂಬೈ ಕಡೆ ಇದ್ದಾರೆ. ಆದರೆ ಫಿಲ್ಮನ್ನು ಡಾಕ್ಟರೇ ನೋಡಿ ಹೇಳಬೇಕು.

ಪಿಎಚ್ ಪರೀಕ್ಷೆಗೂ ಮಿತಿ ಇದೆ. ಆಸಿಡಿಟಿಗೆ ಪ್ಯಾಂಟೊಪ್ರಜೋಲ್ ತರಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೊಟ್ಟೆಯ ಆಮ್ಲವೇ ಕಡಿಮೆ ಇರುತ್ತದೆ. ಟ್ಯೂಬ್ ಸರಿ ಇದ್ದರೂ 6 ಬರಬಹುದು. ಫೀಡ್ ಆದ ತಕ್ಷಣ ನೋಡಿದರೂ ಹಾಗೇ, ಒಂದು ಗಂಟೆ ಬಿಟ್ಟು ನೋಡುವುದು ಒಳ್ಳೆಯದು. ಹಾಗಂತ ಪೇಷಂಟಿನ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಪ್ರತಿಸಲ ಜಾಸ್ತಿಯೇ ಬರುತ್ತಿದ್ದರೆ ಏನು ಮಾಡಬೇಕು ಅಂತ ಡಾಕ್ಟರ್ ಹತ್ತಿರ ಮೊದಲೇ ಕೇಳಿ ಬರೆಸಿಕೊಳ್ಳಿ. ಆಮ್ಲ ಮೇಲಕ್ಕೆ ಬರುವವರಲ್ಲಿ ಟ್ಯೂಬಿನ ತುದಿ ಅನ್ನನಾಳದಲ್ಲಿದ್ದರೂ ಪಿಎಚ್ ಕಡಿಮೆ ತೋರಿಸಬಹುದು. ಅದಕ್ಕೇ ಉದ್ದವನ್ನೂ ಜೊತೆಗೆ ನೋಡಬೇಕು.

ಎಕ್ಸ್-ರೇ ಹೇಳುವುದು ತೆಗೆದ ಆ ಹೊತ್ತಿನ ಮಾತು ಮಾತ್ರ. ಒಂದು ವಾಂತಿ, ಒಂದು ಜೋರು ಕೆಮ್ಮು, ರಾತ್ರಿ ಒಂದು ಎಳೆತ ಸಾಕು ಟ್ಯೂಬ್ ಜರುಗಲು. ಈಗ ನಮ್ಮಲ್ಲಿ ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬಿನ ಮೇಲೆ ಅಳಿಸದ ಮಾರ್ಕರಿನಲ್ಲಿ ಗುರುತು ಹಾಕಿದ್ದೇವೆ. ಪ್ರತಿ ಫೀಡ್‌ಗೆ ಮುಂಚೆ ಗುರುತು ಅಲ್ಲೇ ಇದೆಯಾ, ಬಾಯೊಳಗೆ ಟ್ಯೂಬ್ ಸುರುಳಿ ಸುತ್ತಿದೆಯಾ ಅಂತ ಟಾರ್ಚ್ ಬಿಟ್ಟು ನೋಡುತ್ತೇವೆ, ಆಮೇಲೆ ಪಿಎಚ್. ಗುರುತು ಹೊರಗೆ ಬಂದಿದ್ದರೆ ಮನೆಯವರು ಯಾರೂ ಒಳಗೆ ತಳ್ಳಬಾರದು. ನೋಡಿಕೊಳ್ಳಲು ಬರುವ ಮಾವಶಿಗೂ ಅದನ್ನೇ ಹೇಳಿದ್ದೇವೆ.

ಟ್ಯೂಬ್ ಸರಿಯಾದ ಜಾಗದಲ್ಲಿದ್ದರೂ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಾಗಿ ಮಲಗಿಸಿ ಫೀಡ್ ಕೊಡಬೇಡಿ. ತಲೆಗೆ ಎರಡು ದಿಂಬು ಇಟ್ಟರೆ ಕತ್ತು ಮಾತ್ರ ಬಾಗುತ್ತದೆ, ಪ್ರಯೋಜನವಿಲ್ಲ. ಸೊಂಟದಿಂದ ಮೇಲಿನ ಭಾಗವೆಲ್ಲ 30 ರಿಂದ 45 ಡಿಗ್ರಿ ಏಳಬೇಕು, ಫೀಡ್ ಮುಗಿದ ಮೇಲೂ ಮುಕ್ಕಾಲು ಗಂಟೆ, ಒಂದು ಗಂಟೆ ಹಾಗೇ ಇರಬೇಕು. ಸಿರಿಂಜಿನ ಪಿಸ್ಟನ್ ಒತ್ತಿ ತಳ್ಳದೆ, ಪಿಸ್ಟನ್ ತೆಗೆದು ತಾನಾಗೇ ಇಳಿಯಲು ಬಿಡಿ. ಡಯಪರ್ ಬದಲಿಸುವುದು, ಎದೆ ತಟ್ಟುವುದು ಎಲ್ಲ ಫೀಡ್‌ಗೆ ಮೊದಲೇ ಮುಗಿಸಿ.

ಫೀಡ್ ಹೋಗುವಾಗ ಕೆಮ್ಮು, ಏದುಸಿರು, ಗಂಟಲಲ್ಲಿ ಗೊರಗೊರ, ಮುಖ ನೀಲಿಯಾಗುವುದು, ಆಕ್ಸಿಜನ್ ಇಳಿಯುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ತಕ್ಷಣ ನಿಲ್ಲಿಸಿ. ಟ್ಯೂಬ್ ತೊಳೆಯಲು ಅಂತ ನೀರು ಬಿಡಬೇಡಿ. ಟ್ಯೂಬಿನ ಬಾಯಿ ಮುಚ್ಚಿ, ಪೇಷಂಟನ್ನು ಎತ್ತರಿಸಿ ಕೂರಿಸಿ. ವಾಂತಿ ಬರುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ. 108 ಕ್ಕೆ ಫೋನ್ ಮಾಡಿ, ಎಷ್ಟು ಫೀಡ್ ಹೋಗಿದೆ, ಟ್ಯೂಬ್ ಯಾವಾಗ ಹಾಕಿದ್ದು ಅಂತ ಡಾಕ್ಟರಿಗೆ ತಿಳಿಸಿ. ಆಗ ಏನೂ ಆಗದೆ, ಮಾರನೆಯ ದಿನವೋ ಆಚೆ ದಿನವೋ ಜ್ವರ, ಕಫ, ಏದುಸಿರು ಶುರುವಾದರೂ ಆಸ್ಪತ್ರೆಗೆ ತೋರಿಸಿ.

ಬ್ಯೂರೋಗೆ ಫೋನ್ ಮಾಡುವಾಗಲೇ ಕೇಳಿ: ಬರುವವರು ಅಳೆದು ಹಾಕುತ್ತಾರಾ? ಪಿಎಚ್ ಸ್ಟ್ರಿಪ್ ತರುತ್ತಾರಾ? ಪಿಎಚ್ ಸರಿ ಬರದಿದ್ದರೆ ಎಕ್ಸ್-ರೇ ಆಗುವವರೆಗೆ ಫೀಡ್ ನಿಲ್ಲಿಸುತ್ತಾರಾ? ಆ ಘಟನೆಯ ನಂತರ ನಾವು ಕೇಳಿದ ಒಂದು ಕಡೆ, "ನಾವು ವರ್ಷಗಟ್ಟಲೆಯಿಂದ ಸದ್ದು ಕೇಳಿಯೇ ಹಾಕ್ತೀವಿ" ಎಂದರು. ಫೋನ್ ಇಟ್ಟು, ಮಾವನವರನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಟ್ಯೂಬ್ ಹಾಕಿಸಿಕೊಂಡು ಬಂದೆವು. ಖರ್ಚು ಜಾಸ್ತಿಯಾಯಿತು, ಅರ್ಧ ದಿನ ಹೋಯಿತು. ಮೊದಲ ಫೀಡ್ ಕೊಟ್ಟಿದ್ದು ಡಾಕ್ಟರ್ ಎಕ್ಸ್-ರೇ ನೋಡಿ, ಫೈಲಿನಲ್ಲಿ "ಫೀಡ್ ಕೊಡಬಹುದು" ಅಂತ ಬರೆದು ಸಹಿ ಹಾಕಿದ ಮೇಲೆ.