ಐದರ ಶ್ರುತಿ ನನ್ನದು, ಒಂದರ ಶ್ರುತಿ ಇವರದು

ಮಗ ಹಾಸ್ಟೆಲ್ಲಿಗೆ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಇವರೂ ನಾನೂ. ಇಬ್ಬರೂ ಸೇರಿ ಏನಾದರೂ ಹಚ್ಚಿಕೊಳ್ಳೋಣ ಅಂತ ಒಂದೇ ವರ್ಷದಲ್ಲಿ ಅಡುಗೆ, ಸಂಗೀತ, ಚಾರಣ ಮೂರಕ್ಕೂ ಕೈಹಾಕಿದೆವು.

ಅಡುಗೆಯ ಕಥೆ ಬೇಗ ಮುಗಿಯಿತು. ಒಲೆ ಮುಂದೆ ನಿಲ್ಲುವವರು ಒಬ್ಬರು, ಇನ್ನೊಬ್ಬರು ಈರುಳ್ಳಿ ಹೆಚ್ಚುವ ಆಳು. ಹೋಳಿಗೆ ಮಾಡಿದ ದಿನ ಮಾತ್ರ ನಾನು ತಟ್ಟಿ, ಇವರು ಕಾವಲಿ ನೋಡಿಕೊಂಡು, ಇಬ್ಬರಿಗೂ ಸಮನಾದ ಕೆಲಸ ಸಿಕ್ಕಿತು. ವಾರವಾರ ಹೋಳಿಗೆ ತಿಂದರೆ ಆಗುತ್ತದೆಯೇ!

ಸಂಗೀತದ ಮೇಲೆ ನನಗೆ ಹೆಚ್ಚು ಆಸೆಯಿತ್ತು. ಗುರುಗಳು ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದಲೇ ಶುರು ಮಾಡಿಸಿದರು. ತೊಡಕು ಕಂಡದ್ದು ಮೊದಲ ವರಸೆಯಲ್ಲೇ. ಇವರ ಗಂಟಲಿಗೆ ಒಗ್ಗುವ ಷಡ್ಜ, ಅಂದರೆ ಹಾಡಿಗೆ ಆಧಾರವಾಗುವ 'ಸ', ಹಾರ್ಮೋನಿಯಂನ ಒಂದನೇ ಬಿಳಿ ಮನೆ, ನನ್ನದು ಅದಕ್ಕಿಂತ ಎತ್ತರದ ಐದನೆಯದು. ಐದಕ್ಕೆ ಶ್ರುತಿ ಇಟ್ಟರೆ ಮೇಲಿನ 'ಸ' ಮುಟ್ಟುವಾಗ ಇವರ ಕತ್ತಿನ ನರ ಉಬ್ಬುತ್ತಿತ್ತು. ಒಂದಕ್ಕೆ ಇಟ್ಟರೆ ಕೆಳಗೆ ನನ್ನ ದನಿಯೇ ಹೊರಡದು, ಒಂದು ಸ್ಥಾಯಿ ಏರಿಸಿಕೊಂಡರೆ ಕಿರುಚಾಟ. ನಡುವಿನ ಮೂರಕ್ಕೆ ಇಟ್ಟು ಒಂದು ತಿಂಗಳು ಎಳೆದೆವು. ಇವರದು ಬಿಗಿದುಕೊಂಡಿತು, ನನ್ನದು ಗಾಳಿಯಾಯಿತು. ಹಾಡಿ ಮುಗಿಸಿದ ಮೇಲೆ ಗಂಟಲು ನೋಯುತ್ತಿದ್ದರೆ ಶ್ರುತಿ ನಿಮ್ಮದಲ್ಲ ಅಂತಲೇ ಅರ್ಥ, ಅಂದರು ಗುರುಗಳು. ಕೊನೆಗೆ ಪಾಠವನ್ನೇ ಪಾಲು ಮಾಡಿದರು: ಒಬ್ಬರು ತಮ್ಮ ಶ್ರುತಿಯಲ್ಲಿ ಹಾಡುವಾಗ ಇನ್ನೊಬ್ಬರು ಆದಿತಾಳ ಹಾಕಬೇಕು. ಇಬ್ಬರೂ ಕಲಿತೆವು, ಆದರೆ ಒಟ್ಟಿಗೆ ಹಾಡಲಿಲ್ಲ. ಮತ್ತೆ ಶುರು ಮಾಡುವುದಾದರೆ ವೀಣೆಯನ್ನೋ ಪಿಟೀಲನ್ನೋ ಹಿಡಿಯುತ್ತಿದ್ದೆ. ಎರಡು ವಾದ್ಯಗಳನ್ನು ಒಂದೇ ಶ್ರುತಿಗೆ ಕೂಡಿಸಬಹುದಲ್ಲ.

ಚಾರಣದಲ್ಲೂ ಅದೇ ತಕರಾರು, ಗಂಟಲಿನ ಬದಲು ಕಾಲಿಗೆ. ಮಾಗಡಿ ಹತ್ತಿರದ ಸಾವನದುರ್ಗಕ್ಕೆ ಹೋಗಿದ್ದೆವು. ಬೋಳುಬಂಡೆ ಕಾಯುವ ಮುಂಚೆ ತುದಿಯ ನಂದಿ ಮಂಟಪ ಸೇರಬೇಕು ಅಂತ ಇವರು ದಾಪುಗಾಲು ಹಾಕಿದರು. ಮುಂದೆ ಹೋಗಿ ಕೂತು ನನಗಾಗಿ ಕಾಯುವುದು, ನಾನು ಏದುಸಿರು ಬಿಡುತ್ತ ತಲುಪಿದ ಕೂಡಲೇ "ಬಾ, ಹೊರಡೋಣ" ಅನ್ನುವುದು. ದಣಿಯದವರಿಗೆ ಐದು ಸಲ ವಿಶ್ರಾಂತಿ, ದಣಿದವಳಿಗೆ ಒಂದೂ ಇಲ್ಲ. ಅರ್ಧ ದಾರಿಯಲ್ಲಿ ನಾನು ಕೂತೇಬಿಟ್ಟೆ. "ರೀ, ಇನ್ನು ನಾನು ಮುಂದೆ, ನೀವು ಹಿಂದೆ" ಅಂದೆ. ಮಾತಾಡುತ್ತಲೇ ಏರಬಹುದಾದ ನಡಿಗೆ ಹಿಡಿದೆ. ಮಾತು ತುಂಡಾದರೆ ವೇಗ ಹೆಚ್ಚಾಯಿತು ಅಂತ ಲೆಕ್ಕ. ಆಮೇಲೆ ಎಲ್ಲೂ ಹೆಚ್ಚು ಹೊತ್ತು ಕೂರಬೇಕಾಗಲಿಲ್ಲ. ಇಳಿಯುವಾಗ ಮಂಡಿನೋವು ಅಂತ ನಿಂತವರು ಇವರೇ.

ಹಾಗಾಗಿ ಒಟ್ಟಿಗೆ ಇರುವುದೇ ಮುಖ್ಯವಾದರೆ ನನ್ನ ಓಟು ಚಾರಣಕ್ಕೆ. ನಡಿಗೆಯನ್ನು ತಗ್ಗಿಸಿಕೊಳ್ಳಬಹುದು, ಗಂಟಲನ್ನು ಆಗದು. ಸಂಗೀತವನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಇವರು ಒಳಕೋಣೆಯಲ್ಲಿ ಹಾಡುತ್ತಾರೆ, ನಾನು ಹಾಲಿನಲ್ಲಿ, ನಡುವಿನ ಬಾಗಿಲು ಹಾಕಿಕೊಂಡು.