ಮೊಳಕೆ ಹೆಸರುಕಾಳು: ಹಸಿ, ಬಾಣಲೆ, ಹಬೆ, ಕುದಿನೀರು

ಮೊಳಕೆ ಕಾಳಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಪಕ್ಷ. ಒಂದು ಪಕ್ಷದವರು ಹಸಿಯಾಗಿಯೇ ತಿನ್ನುತ್ತಾರೆ. ಹಲ್ಲಿಗೆ ಕರುಂ ಕುರುಂ ಎನ್ನದಿದ್ದರೆ ಅದೇನು ಮೊಳಕೆ ಅನ್ನುವವರು. ಇನ್ನೊಂದು ಪಕ್ಷದವರು ಕುಕ್ಕರಿಗೆ ಹಾಕಿ ಒಂದು ವಿಷಲ್ ಹೊಡೆಸಿಬಿಡುತ್ತಾರೆ. ಕಾಳು ಹಿಟ್ಟಾಗುತ್ತದೆ, ಆದರೆ ಹೊಟ್ಟೆಗೆ ಭಯವಿಲ್ಲ. ಇವೆರಡರ ನಡುವೆ ಜಾಗ ಇದೆ ಅನ್ನುವುದು ನನ್ನ ವಾದ. ಅದಕ್ಕಾಗಿ ಒಂದೇ ಮೊಳಕೆಯನ್ನು ಪಾಲು ಮಾಡಿ, ಬೇರೆ ಬೇರೆ ರೀತಿ ಬಿಸಿ ಮಾಡಿ, ಅಡುಗೆಯ ಥರ್ಮಾಮೀಟರ್ ಚುಚ್ಚಿ ನೋಡಿದ್ದೇನೆ.

ಹಸಿ ಯಾಕೆ ಬೇಡ ಅನ್ನುವುದನ್ನು ಮೊದಲು ಹೇಳುತ್ತೇನೆ. ಕಾಳು ಮೊಳೆಯಲು ಬೇಕಾದದ್ದು ತೇವ, ಬೆಚ್ಚಗಿನ ಜಾಗ ಮತ್ತು ಒಂದಿಷ್ಟು ಹೊತ್ತು. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದದ್ದೂ ಇಷ್ಟೇ. ಹೊಲದಲ್ಲಿ, ಗೋಣಿಚೀಲದಲ್ಲಿ, ಗೋದಾಮಿನಲ್ಲಿ ಕಾಳಿಗೆ ಅಂಟಿದ ಸಾಲ್ಮೊನೆಲ್ಲಾ, ಇ. ಕೋಲಿ ಥರದವು ಸಿಪ್ಪೆಯ ಸಣ್ಣ ಬಿರುಕುಗಳಲ್ಲಿ ಕೂತಿರುತ್ತವೆ. ಎಷ್ಟು ಸಲ ತೊಳೆದರೂ ಅಲ್ಲಿಂದ ಪೂರ್ತಿ ಹೋಗುವುದಿಲ್ಲ. ಒಂದು ದಿನ ಬಟ್ಟೆಯಲ್ಲಿ ಬೆಚ್ಚಗೆ ಇಟ್ಟರೆ ಆ ನಾಲ್ಕಾರು ಲಕ್ಷಗಟ್ಟಲೆ ಆಗಬಹುದು. ಹಾಗಾದಾಗಲೂ ಮೊಳಕೆಗೆ ಕೆಟ್ಟ ವಾಸನೆ ಬರಬೇಕೆಂದಿಲ್ಲ, ನೋಡಲು ಚೆನ್ನಾಗಿಯೇ ಇರುತ್ತದೆ. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೊಳಕೆ ತಿಂದು ಸುಮಾರು 4,000 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದು ಹೆಸರುಕಾಳಲ್ಲ, ಮೆಂತ್ಯದ ಮೊಳಕೆ. ತನಿಖೆ ಬೊಟ್ಟು ಮಾಡಿದ್ದು ಹೊರದೇಶದಿಂದ ತರಿಸಿದ ಬೀಜದ ಕಡೆಗೆ.

"ನಾವೆಲ್ಲ ಹಸೀದೇ ತಿಂದು ದೊಡ್ಡೋರಾಗಿಲ್ವಾ?" ಅಂತ ನಮ್ಮತ್ತೆ ಕೇಳುತ್ತಾರೆ. ಹೌದು, ಪ್ರತಿ ಸಲ ಏನೂ ಆಗುವುದಿಲ್ಲ. ಆದರೆ ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು, ಕಾಯಿಲೆಯಿಂದ ಸೊರಗಿದವರು ಇರುವ ಮನೆಯಲ್ಲಿ ಆ ಜೂಜು ನನಗೆ ಬೇಡ. ನಿಂಬೆಹಣ್ಣು ಹಿಂಡಿದ್ದೇವಲ್ಲ, ಉಪ್ಪು ಹಾಕಿದ್ದೇವಲ್ಲ ಅನ್ನುವ ಸಮಾಧಾನವೂ ಬೇಡ. ಅವು ರುಚಿಗೆ ಸರಿ, ಬಿಸಿ ಮಾಡುವ ಕೆಲಸವನ್ನು ಅವು ಮಾಡುವುದಿಲ್ಲ.

ಮೊಳಕೆ ಕಟ್ಟುವ ಪಾತ್ರೆಯ ಬಗ್ಗೆ ಬೇಗ ಮುಗಿಸುತ್ತೇನೆ. ಮುಚ್ಚಳದ ಸ್ಟೀಲ್ ಡಬ್ಬಿ, ಮಹಡಿ ಮಹಡಿಯಾಗಿ ಬರುವ ಪ್ಲಾಸ್ಟಿಕ್ ಡಬ್ಬಿ, ಹತ್ತಿ ಬಟ್ಟೆ, ಮೂರನ್ನೂ ಬಳಸಿದ್ದೇನೆ. ಸ್ಟೀಲ್ ಡಬ್ಬಿ ನನಗೆ ಹಿಡಿಸಲಿಲ್ಲ. ಮೊಳೆಯುವ ಕಾಳು ಉಸಿರಾಡುತ್ತದೆ, ತಾನೇ ಬಿಸಿಯನ್ನೂ ಹೊರಬಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಬೇಸಿಗೆಯ ದಿನ ಸಂಜೆಯೊಳಗೆ ಹುಳಿ ವಾಸನೆ ಬಂದುಬಿಡುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಳಕೆ ಉದ್ದಕ್ಕೆ, ನೇರವಾಗಿ ಬರುತ್ತದೆ, ನೋಡಲು ಚೆಂದ. ಆದರೆ ಸೋರಿದ ನೀರು ಕೆಳಗಿನ ತಟ್ಟೆಯಲ್ಲೇ ನಿಲ್ಲುತ್ತದೆ. ಆ ಸಣ್ಣ ತೂತುಗಳ ಲೋಳೆಯನ್ನು ಬ್ರಷ್ ಹಾಕಿ ಉಜ್ಜದೆ ತೆಗೆಯಲು ಆಗುವುದಿಲ್ಲ. ದಿನಾ ಅಷ್ಟು ಉಜ್ಜುವ ತಾಳ್ಮೆ ಇದ್ದವರಿಗೆ ಅದು ಸರಿ.

ನನ್ನ ಆಯ್ಕೆ ಹಳೇ ಪಂಚೆಯ ತುಂಡು. ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ತರಕಾರಿ ತೊಳೆಯುವ ತೂತಿನ ಪಾತ್ರೆಯಲ್ಲಿ ಇಡುತ್ತೇನೆ. ನೀರು ಸೋರಿಹೋಗುತ್ತದೆ, ಗಾಳಿ ಆಡುತ್ತದೆ, ಕತ್ತಲೆಯೂ ಇರುತ್ತದೆ. ಬೇರು ಬಟ್ಟೆಗೆ ಹೊಕ್ಕು ಬಿಡಿಸುವಾಗ ಒಂದಷ್ಟು ಮುರಿಯುತ್ತದೆ, ಅದೊಂದೇ ಕೊರತೆ. ಬಟ್ಟೆಯನ್ನು ಪ್ರತಿ ಸಲ ಕುದಿಸಿ ಬಿಸಿಲಿಗೆ ಹಾಕಬೇಕು. ಸುಮ್ನೆ ನೀರಲ್ಲಿ ಜಾಲಿಸಿ ಒಣಹಾಕಿದರೆ ಹೋದ ಸಲದ ಬ್ಯಾಕ್ಟೀರಿಯಾ ಈ ಸಲದ ಕಾಳಿಗೆ ಹೆಪ್ಪಿನ ಹಾಗೆ ಆಗುತ್ತದೆ. ಇನ್ನೊಂದು ಮಾತು: ಬಿತ್ತನೆ ಬೀಜದ ಅಂಗಡಿಯ ಹೆಸರುಕಾಳನ್ನು ಮೊಳಕೆಗೆ ತರಬೇಡಿ. ಅದಕ್ಕೆ ಔಷಧಿ ಬಳಿದಿರುತ್ತಾರೆ. ದಿನಸಿ ಅಂಗಡಿಯದ್ದೇ ಬೇಕು.

ಈಗ ಮುಖ್ಯ ವಿಷಯ, ಬಿಸಿ ಮಾಡುವುದು. ಇಲ್ಲಿ ಒಂದು ಅನುಕೂಲ ಇದೆ. ಕಾಯಿಲೆ ತರುವ ಬ್ಯಾಕ್ಟೀರಿಯಾ 75 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ಬೇಗ ಸಾಯುತ್ತವೆ. ಕಾಳನ್ನು ಗಟ್ಟಿಯಾಗಿ ಹಿಡಿದಿರುವ ಪೆಕ್ಟಿನ್ ಅನ್ನುವ ಅಂಟು ಕರಗಲು ಅದಕ್ಕಿಂತ ಜಾಸ್ತಿ ಬಿಸಿ ಬೇಕು, ಜಾಸ್ತಿ ಹೊತ್ತೂ ಬೇಕು. ಅಂದರೆ ಬ್ಯಾಕ್ಟೀರಿಯಾ ಸತ್ತಿರಬೇಕು, ಕಾಳು ಇನ್ನೂ ಮೆತ್ತಗಾಗಿರಬಾರದು, ಅಂಥ ಕೆಲವು ನಿಮಿಷ ನಮ್ಮ ಕೈಯಲ್ಲಿವೆ. ಆ ನಿಮಿಷಗಳಲ್ಲಿ ಒಂದು ಕಾಳೂ ಬಿಡದಂತೆ ಎಲ್ಲವೂ ಬಿಸಿಯಾಗಬೇಕು. ಆಮೇಲೆ ತಡಮಾಡದೆ ತಣಿಸಬೇಕು. ಯಾವ ವಿಧಾನ ಗೆಲ್ಲುತ್ತದೆ ಅನ್ನುವುದನ್ನು ಈ ಎರಡೇ ತೀರ್ಮಾನ ಮಾಡುತ್ತವೆ.

ಕುಕ್ಕರ್ ಈ ಪಂದ್ಯದಲ್ಲಿ ಇಲ್ಲವೇ ಇಲ್ಲ. ವಿಷಲ್ ಬರುವ ಹೊತ್ತಿಗೆ ಒಳಗೆ 100 ಡಿಗ್ರಿ ದಾಟಿರುತ್ತದೆ, ಒತ್ತಡ ಇಳಿಯುವ ತನಕ ಕಾಳು ಬೇಯುತ್ತಲೇ ಇರುತ್ತದೆ. ಸಾರಿಗೆ, ಹುಳಿಗೆ ಒಳ್ಳೆಯದು.

ಬಾಣಲೆಯ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಒಗ್ಗರಣೆಗೆ ಮೊಳಕೆ ಸುರಿದು ಜೋರು ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿದರೆ ವಾಸನೆ ಘಮ್ಮೆನ್ನುತ್ತದೆ, ಕಾಳೂ ಕರುಂ ಕುರುಂ. ಆದರೆ ಥರ್ಮಾಮೀಟರ್ ಬೇರೆ ಕಥೆ ಹೇಳಿತು. ತಳದ ಕಾಳಿಗೆ ಕಂದು ಚುಕ್ಕೆ ಬಂದಿದ್ದರೂ ರಾಶಿಯ ನಡುವೆ 60 ಡಿಗ್ರಿಯೂ ದಾಟಿರಲಿಲ್ಲ. ಬಾಣಲೆಯ ಒಣ ಬಿಸಿ ತಳಕ್ಕೆ ತಾಗಿದ ಕಾಳಿಗೆ ಮಾತ್ರ ಸಿಗುತ್ತದೆ, ಮೇಲಿನದು ಬೆಚ್ಚಗಾಗಿ ಸುಮ್ಮನಿರುತ್ತದೆ. ಎರಡು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ನಡುವೆ ಒಮ್ಮೆ ಕೆದಕಿ, ನಾಲ್ಕು ನಿಮಿಷ ಬಿಟ್ಟಾಗ ನಡುವೆಯೂ 80 ದಾಟಿತು. ಹಾಗೆ ಮಾಡಿದರೆ ಬಾಣಲೆ ಪಾಸು. ಆದರೆ ಒಂದು ಸಲಕ್ಕೆ ಒಂದೂವರೆ ಕಪ್‌ಗಿಂತ ಜಾಸ್ತಿ ಹಾಕಬಾರದು.

ಇಡ್ಲಿ ಪಾತ್ರೆಯ ಹಬೆ ಇದಕ್ಕಿಂತ ಸಮ. ಆದರೆ ಯಾವುದರಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಫಲ ನಿಂತಿದೆ. ಒಂದು ಆಳದ ಪಾತ್ರೆಗೆ ತುಂಬಿ ಇಟ್ಟರೆ ಅಂಚಿನದು ಮೆತ್ತಗೆ, ನಡುವಿನದು ಹಸಿ. ಇಡ್ಲಿ ತಟ್ಟೆಯ ಗುಳಿಗಳಲ್ಲಿ ತೆಳ್ಳಗೆ ಹರಡಿದರೆ ಎಲ್ಲದಕ್ಕೂ ಹಬೆ ಸಿಗುತ್ತದೆ. ನೀರು ಕುದಿದು ಹಬೆ ಬಂದ ಮೇಲೆ ತಟ್ಟೆ ಇಳಿಸಿ, ಆರು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಕಾಳು ಬೆರಳಿಗೆ ಜಜ್ಜುತ್ತದೆ. ಹಬೆಯಲ್ಲಿ ಕಾಳಿನ ಸಿಹಿ ನೀರಿಗೆ ಹೋಗುವುದಿಲ್ಲ, ರುಚಿಯಲ್ಲಿ ಇದೇ ಮೊದಲು. ಉಸಲಿಗೆ ನಾನು ಹಬೆಯನ್ನೇ ಆರಿಸುತ್ತೇನೆ.

ಕೋಸಂಬರಿ ಥರದ್ದಕ್ಕೆ, ಅಂದರೆ ಆಮೇಲೆ ಒಲೆ ಮೇಲೆ ಇಡದ ಯಾವುದಕ್ಕಾದರೂ, ಕುದಿನೀರಿಗೆ ಸಾಟಿ ಇಲ್ಲ. ದೊಡ್ಡ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಸಿ, ಎರಡು ಕಪ್ ಮೊಳಕೆ ಹಾಕಿ. ಕುದಿ ಒಮ್ಮೆ ನಿಲ್ಲುತ್ತದೆ. ಮತ್ತೆ ಕುದಿ ಬಂದ ಮೇಲೆ ಮೂರು ನಿಮಿಷ ಎಣಿಸಿ, ಸೋಸಿ. ಪ್ರತಿ ಕಾಳಿನ ಸುತ್ತಲೂ ನೀರು ಇರುವುದರಿಂದ ಬಿಸಿ ತಪ್ಪಿಸಿಕೊಳ್ಳುವ ಕಾಳು ಇರುವುದಿಲ್ಲ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಅದರಿಂದ ಇಲ್ಲಿ ಏನೂ ತೊಂದರೆಯಿಲ್ಲ. ನೀರು ಕಮ್ಮಿ ಇದ್ದರೆ ಮಾತ್ರ ಕುದಿ ವಾಪಸ್ ಬರಲು ತಡವಾಗಿ, ಅಷ್ಟರಲ್ಲಿ ಮೊಳಕೆಯ ಬಾಲ ಬಾಡುತ್ತದೆ.

ಈ ನೀರಿಗೆ ಅರ್ಧ ಹೋಳು ನಿಂಬೆ ಹಿಂಡಿದರೆ ಇನ್ನೂ ಚೆನ್ನ. ಹುಳಿ ಬಿದ್ದ ಮೇಲೆ ಕಾಳು ಬೇಯುವುದಿಲ್ಲ ಅಂತ ಅಡುಗೆಯವರು ಹೇಳುತ್ತಾರಲ್ವಾ, ಬೇಳೆ ಬೆಂದ ಮೇಲೆಯೇ ಹುಣಸೆ ಹಾಕುವುದು ಅದಕ್ಕೇ. ಹುಳಿಯಲ್ಲಿ ಪೆಕ್ಟಿನ್ ಬೇಗ ಕರಗುವುದಿಲ್ಲ. ಹುಳಿಯಲ್ಲಿ ಬೇಯದ ಆ ಕಾಟವನ್ನೇ ಇಲ್ಲಿ ಲಾಭ ಮಾಡಿಕೊಳ್ಳಬಹುದು. ಅಡುಗೆ ಸೋಡಾ ಹಾಕಿದರೆ ತದ್ವಿರುದ್ಧ, ಹಸಿರು ಮಿನುಗುತ್ತದೆ, ಕಾಳು ಮುದ್ದೆಯಾಗುತ್ತದೆ. ಸೋಸಿದ ನೀರನ್ನು ಚೆಲ್ಲಬೇಡಿ, ಅಂದಿನ ಸಾರಿಗೆ ಹಾಕಿ. ಕುದಿನೀರಿನಲ್ಲಿ ರುಚಿ ಸ್ವಲ್ಪ ತೆಳುವಾಗುವುದು ನಿಜ, ಅದು ಹೋಗುವುದು ಈ ನೀರಿಗೇ.

ಸೋಸಿದ ಕೂಡಲೇ ತಣಿಸುವಾಗ ಒಂದು ಎಚ್ಚರ. ಅನೇಕರು ನಲ್ಲಿ ನೀರನ್ನು ಸುರಿಯುತ್ತಾರೆ. ಬಿಸಿ ಮಾಡಿ ಶುದ್ಧ ಮಾಡಿದ್ದನ್ನು ಮತ್ತೆ ನಲ್ಲಿ ನೀರಿಗೆ ಹಿಡಿಯುವುದು ಸರಿಯಲ್ಲ. ಕುದಿಸಿ ತಣಿಸಿದ ನೀರು ಇದ್ದರೆ ಸರಿ, ಇಲ್ಲವಾದರೆ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಇಡಿ. ಮೊಳಕೆ ಕಟ್ಟಿದ ಬಟ್ಟೆಗೋ ತೂತಿನ ಪಾತ್ರೆಗೋ ಅದನ್ನು ವಾಪಸ್ ಹಾಕಬೇಡಿ.

ಮೊಳಕೆ ಎಷ್ಟು ಉದ್ದ ಇರಬೇಕು ಅನ್ನುವುದೂ ಕರುಂ ಕುರುಂಗೆ ಸಂಬಂಧಪಟ್ಟದ್ದೇ. ಕಾಳಿನಷ್ಟೇ ಉದ್ದದ ಬಾಲ ಬಂದಾಗ, ಸುಮಾರು ಅರ್ಧ ಸೆಂಟಿಮೀಟರ್, ಬೇಯಿಸಿಬಿಡಬೇಕು. ಎರಡು ಸೆಂಟಿಮೀಟರ್ ಬಿಟ್ಟರೆ ಬಾಲ ಮೂರೇ ನಿಮಿಷಕ್ಕೆ ಸೋತು ದಾರದಂತಾಗುತ್ತದೆ, ಕಾಳು ಮಾತ್ರ ಗಟ್ಟಿ. ಚಿಕ್ಕ ಮೊಳಕೆಯಾದರೂ ಬಿಸಿ ಮಾಡುವುದನ್ನು ಬಿಡುವಂತಿಲ್ಲ. ಬ್ಯಾಕ್ಟೀರಿಯಾ ಜಾಸ್ತಿಯಾಗಲು ಆ ಮೊದಲ ದಿನವೇ ಸಾಕು.

ನಮ್ಮ ಮನೆಯ ಲೆಕ್ಕ ಹೀಗೆ. ಒಂದು ಕಪ್ ಕಾಳನ್ನು ಆರಿಸಿ, ಮೂರು ನಾಲ್ಕು ನೀರು ತೊಳೆದು, ರಾತ್ರಿ 9ಕ್ಕೆ ನಾಲ್ಕು ಕಪ್ ಕುಡಿಯುವ ನೀರಿನಲ್ಲಿ ನೆನೆಹಾಕುತ್ತೇನೆ. ಬೆಳಗ್ಗೆ 6ಕ್ಕೆ ನೀರು ಬಸಿದು, ಊದದೆ ಕಲ್ಲಿನ ಹಾಗೇ ಉಳಿದ ಕಾಳುಗಳನ್ನು ಹೆಕ್ಕಿ ಎಸೆಯುತ್ತೇನೆ. ಅವು ಮೊಳೆಯುವುದೂ ಇಲ್ಲ, ಬೇಯುವುದೂ ಇಲ್ಲ. ಗಂಟು ಕಟ್ಟಿ, ಮಧ್ಯಾಹ್ನ ಮತ್ತು ರಾತ್ರಿ ಗಂಟು ಬಿಚ್ಚಿ ತೊಳೆದು ನೀರು ಪೂರ್ತಿ ಬಸಿಯುತ್ತೇನೆ. ಮರುದಿನ ಬೆಳಗ್ಗೆ ಅರ್ಧ ಸೆಂಟಿಮೀಟರ್ ಮೊಳಕೆ ಸಿದ್ಧ. ಕಲಬುರಗಿಯ ಏಪ್ರಿಲ್‌ನಲ್ಲಿ ಇದು ಹಿಂದಿನ ಸಂಜೆಗೇ ಆಗಬಹುದು. ಡಿಸೆಂಬರ್‌ನ ಬೆಂಗಳೂರಿನಲ್ಲಿ ಇನ್ನರ್ಧ ದಿನ ಬೇಕಾಗಬಹುದು. ಮುಟ್ಟಿದರೆ ಲೋಳೆ, ಹುಳಿ ನಾತ, ಕಾಳಿಂದ ಕಾಳಿಗೆ ಹಬ್ಬಿದ ಬೂದು ಜೇಡಬಲೆಯಂಥ ಬೂಷ್ಟು, ಇವುಗಳಲ್ಲಿ ಒಂದು ಕಂಡರೂ ಬೇಯಿಸಲು ಹೋಗದೆ ಎಸೆಯಬೇಕು. ಬೇರಿನ ತುದಿಯಲ್ಲಿ ಮಾತ್ರ ಇರುವ, ನೀರು ತಾಗಿದರೆ ಅಂಟಿ ಮಾಯವಾಗುವ ಬಿಳಿ ನವಿರು ಬೂಷ್ಟಲ್ಲ, ಬೇರಿನದೇ ಕೂದಲು.

ಆವತ್ತೇ ಬೇಯಿಸದಿದ್ದರೆ ಹಸಿ ಮೊಳಕೆಯನ್ನು ಕೂಡಲೇ ಫ್ರಿಜ್‌ಗೆ ಇಟ್ಟು ಎರಡು ದಿನದೊಳಗೆ ಮುಗಿಸುತ್ತೇನೆ, ಅದೂ ಬೇಯಿಸಿಯೇ. ಬೇಯಿಸಿದ್ದು ಎರಡು ಗಂಟೆಗಿಂತ ಹೊರಗಿರಬಾರದು. ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಇದೆ. ಅದರ ಬೀಜಾಣು ಕುದಿನೀರಿಗೂ ಸಾಯುವುದಿಲ್ಲ. ಬೆಚ್ಚಗಿನ ಡಬ್ಬಿಯಲ್ಲಿ ಅದು ಎದ್ದು ಬೆಳೆದರೆ, ಬಿಡುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಬೆಳಗ್ಗೆ 8ಕ್ಕೆ ಕಟ್ಟಿ ಮಧ್ಯಾಹ್ನ 1ಕ್ಕೆ ತೆಗೆಯುವ ಊಟದ ಡಬ್ಬಿಗೆ ಮೊಳಕೆ ಉಸಲಿ ಕಳಿಸುವುದನ್ನು ನಾನು ನಿಲ್ಲಿಸಿದ್ದೇನೆ. 10 ಗಂಟೆಯ ತಿಂಡಿ ಡಬ್ಬಿಗಾದರೆ ಕಳಿಸುತ್ತೇನೆ, ಚೆನ್ನಾಗಿ ತಣಿದ ಮೇಲೆ, ತೆಂಗಿನತುರಿ ಹಾಕದೆ. ಉಪ್ಪನ್ನು ಕಟ್ಟುವ ಹೊತ್ತಿಗೆ ಸೇರಿಸುತ್ತೇನೆ, ಮೊದಲೇ ಹಾಕಿದರೆ ನೀರು ಬಿಟ್ಟು ಬಾಲವೆಲ್ಲ ಬಾಡಿಹೋಗುತ್ತದೆ.