ಹಳೇ ಬಟ್ಟೆಯ ಲಾಟ್, ಸರ್‌ಪ್ಲಸ್ ಲಾಟ್: ಎರಡನ್ನೂ ಆನ್‌ಲೈನ್‌ನಲ್ಲಿ ಮಾರಿ ನೋಡಿದೆ

ಒಂದೇ ವಾರದಲ್ಲಿ ಎರಡು ಲಾಟ್ ತಗೊಂಡೆ. ಒಂದು ಯಾರೋ ಉಟ್ಟು ಬಿಟ್ಟ ಬಟ್ಟೆ, ವಿಂಗಡಿಸದ್ದು, 60 ಪೀಸ್. ಇನ್ನೊಂದು ಫ್ಯಾಕ್ಟರಿಯಲ್ಲಿ ಆರ್ಡರ್‌ಗಿಂತ ಜಾಸ್ತಿ ಹೊಲಿದು ಉಳಿದದ್ದು, ಅದೂ 60 ಪೀಸ್. ಯಾವುದರಲ್ಲಿ ಕೈಗೆ ಜಾಸ್ತಿ ಉಳಿಯುತ್ತದೆ ಅಂತ ನೋಡಬೇಕಿತ್ತು. ಕಾಸಿನ ಹೆಸರು ಬಿಡೋಣ, ಬರೀ ಸಂಖ್ಯೆ ಸಾಕು. ಹಳೇ ಬಟ್ಟೆ ಪೀಸಿಗೆ 10ರ ಲೆಕ್ಕ, ಸರ್‌ಪ್ಲಸ್ ಪೀಸಿಗೆ 20. ಮೊದಲ ನೋಟಕ್ಕೆ ಹಳೇದು ಅರ್ಧ ಬೆಲೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಹಳೇ ಲಾಟ್ ಬಿಚ್ಚಿದ ದಿನ ಟ್ಯೂಬ್‌ಲೈಟ್ ಕೆಳಗೆ ಕೂತು ವಿಂಗಡಿಸಿದೆ. ಅದೇ ದೊಡ್ಡ ತಪ್ಪು. ಒಂದು ಬಿಳಿ ಶರ್ಟ್ ಇತ್ತು, ಕಾಲರ್ ಗಟ್ಟಿ, ಗುಂಡಿ ಎಲ್ಲ ಇವೆ, ನೇರವಾಗಿ ಎ ಗುಂಪಿಗೆ ಹಾಕಿದೆ. ಮರುದಿನ ಫೋಟೋ ತೆಗೆಯೋಕೆ ಕಿಟಕಿ ಹತ್ತಿರ ಹಿಡಿದಾಗ ಎರಡೂ ಕಂಕುಳಲ್ಲಿ ಅಂಗೈಯಗಲ ಹಳದಿ ಕಾಣಿಸಿತು. ಬೆವರು ಮತ್ತು ಡಿಯೋಡರೆಂಟ್‌ನಲ್ಲಿರುವ ಅಲ್ಯೂಮಿನಿಯಂ ಸೇರಿ ಹಿಡಿಸುವ ಕಲೆ ಅದು. ನೂಲಿನೊಳಗೆ ಹಳೇದಾಗಿ ಕೂತಿದ್ದರೆ ಒಂದು ಸಾಮಾನ್ಯ ಒಗೆತಕ್ಕೆ ಹೋಗುವುದಿಲ್ಲ. ಆಮೇಲೆ ಇಡೀ ಲಾಟನ್ನು ಹಗಲು ಬೆಳಕಿನಲ್ಲಿ ಮತ್ತೆ ನೋಡಿದೆ.

ಈಗ ನನ್ನ ಕೈ ಒಂದೇ ದಾರಿಯಲ್ಲಿ ಓಡುತ್ತದೆ. ಮೊದಲು ಮೂಗು. ಹೊಗೆಯ ವಾಸನೆ, ನುಸಿ ಗುಳಿಗೆಯ ವಾಸನೆ ಇದ್ದರೆ ಅದನ್ನು ಆಗಲೇ ಬೇರೆ ಇಡುತ್ತೇನೆ, ಇಲ್ಲದಿದ್ದರೆ ಪಕ್ಕದ ಬಟ್ಟೆಗೂ ಹತ್ತುತ್ತದೆ. ಆಮೇಲೆ ಒಳಮೈ ತಿರುಗಿಸಿ ಕಂಕುಳು ಮತ್ತು ಕಾಲರ್ ಒಳಭಾಗ, ಪ್ಯಾಂಟ್ ಆದರೆ ತೊಡೆಸಂದು. ಬಟ್ಟೆ ಮೊದಲು ಸವೆಯುವುದು ಈ ಜಾಗಗಳಲ್ಲೇ. ನಂತರ ಕಿಟಕಿಗೆ ಎದುರು ಎತ್ತಿ ಹಿಡಿಯುತ್ತೇನೆ. ಉಣ್ಣೆಯಲ್ಲಿ ನುಸಿ ತಿಂದ ತೂತು ಚುಕ್ಕೆ ಚುಕ್ಕೆ ಬೆಳಕಾಗಿ ಕಾಣುತ್ತದೆ, ಹತ್ತಿಯಲ್ಲಿ ತೆಳುವಾದ ಜಾಗ ಮಸುಕಾಗಿ ಹೊಳೆಯುತ್ತದೆ. ಸೊಂಟದ ಎಲಾಸ್ಟಿಕ್ಕನ್ನು ಕಿವಿ ಹತ್ತಿರ ಎಳೆಯುತ್ತೇನೆ. ಚರಚರ ಸದ್ದು ಬಂದರೆ ಒಳಗಿನ ರಬ್ಬರ್ ಸತ್ತಿದೆ ಅಂತ ಲೆಕ್ಕ, ಇವತ್ತು ಚೆನ್ನಾಗಿ ಕಂಡರೂ ಎರಡು ಒಗೆತಕ್ಕೆ ಜೋಲುತ್ತದೆ. ಜಿಪ್ಪನ್ನು ಮೂರು ಸಲ ಮೇಲೆ ಕೆಳಗೆ ಮಾಡುತ್ತೇನೆ. ಮೊದಲ ಸಲ ಸಲೀಸಾಗಿ ಓಡಿದ ಜಿಪ್ ಮೂರನೆಯ ಸಲ ಸಿಕ್ಕಿಹಾಕಿಕೊಂಡದ್ದುಂಟು.

ಕೃತಕ ಚರ್ಮದ ಜಾಕೆಟ್ ಬಂದರೆ ಮಡಚುವ ಜಾಗದಲ್ಲಿ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೇ ನಿಧಾನಕ್ಕೆ ಒಡೆಯುತ್ತದೆ, ಯಾರೂ ಹಾಕದೆ ಬೀರುವಿನಲ್ಲಿ ಇಟ್ಟಿದ್ದರೂ. ಒಂದು ಸಿಪ್ಪೆ ಎದ್ದರೆ ಮಿಕ್ಕದ್ದೂ ಏಳುತ್ತದೆ. ಅದಕ್ಕೆ ಗ್ರೇಡ್ ಕೊಡುವ ಮಾತೇ ಇಲ್ಲ.

ನನ್ನ ಗ್ರೇಡ್ ಸರಳ. ಎ ಅಂದರೆ ಹುಡುಕಿದರೂ ದೋಷ ಸಿಗಬಾರದು. ಬಿ ಅಂದರೆ ದೋಷ ಇದೆ, ಆದರೆ ಫೋಟೋದಲ್ಲಿ ತೋರಿಸಿ ಮಾರಬಹುದು: ಸ್ವಲ್ಪ ಜುಂಗು, ಬೇರೆ ಗುಂಡಿ, ಮಾಸಿದ ಬಣ್ಣ. ಸಿ ಅಂದರೆ ಹರಿದು ಮತ್ತೆ ಹೊಲಿಯುವವರಿಗೆ. ಉಳಿದದ್ದು ಚಿಂದಿ. ಒಬ್ಬೊಬ್ಬರೂ ‘ತುಂಬಾ ಚೆನ್ನಾಗಿದೆ’ ಅಂತ ಬೇರೆ ಬೇರೆ ಅರ್ಥದಲ್ಲಿ ಬರೆಯುತ್ತಾರೆ, ಹಾಗಾಗಿ ನಾನು ಆ ಮಾತು ಬಿಟ್ಟು ‘ಎಡ ತೋಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಕಲೆ’ ಅಂತಲೇ ಬರೆಯುತ್ತೇನೆ.

ಎಣಿಸಿದಾಗ ಎ 14, ಬಿ 22, ಸಿ 11, ಚಿಂದಿ 13. ಬಿಡಿಯಾಗಿ ಮಾರಬಲ್ಲದ್ದು 36 ಮಾತ್ರ. ಲಾಟಿಗೆ ಕೊಟ್ಟದ್ದು 600, ಒಗೆಯೋಕೆ ಮತ್ತು ಸಣ್ಣ ರಿಪೇರಿಗೆ 120. ಒಟ್ಟು 720ನ್ನು 36ರಿಂದ ಭಾಗಿಸಿ: ಪೀಸಿಗೆ 20. ನಾನು 10 ಅಂದುಕೊಂಡದ್ದು ಎಲ್ಲಿ, ಇದೆಲ್ಲಿ!

ಸರ್‌ಪ್ಲಸ್ ಲಾಟ್ ಬಿಚ್ಚಿದಾಗ ಮನಸ್ಸಿಗೆ ಹಾಯೆನಿಸಿತು. ಹೊಸ ಬಟ್ಟೆಯ ವಾಸನೆ, ಮಡಿಕೆ ಗರಿಗರಿ, ಬರೀ ನಾಲ್ಕು ಡಿಸೈನ್. ಒಗೆಯುವ ಕೆಲಸ ಇಲ್ಲ. ಲೇಬಲ್‌ಗಳನ್ನು ಕತ್ತರಿಸಿ ಹಾಕಿದ್ದರು. ಬ್ರ್ಯಾಂಡಿನವರು ತಮ್ಮ ಹೆಸರಲ್ಲಿ ಹೊರಗೆ ಹೋಗಬಾರದು ಅಂತ ಹಾಗೆ ಮಾಡಿಸುವುದುಂಟು. ಕತ್ತರಿಸಿದ ಲೇಬಲ್ ನೋಡಿ ‘ಇಂಥ ಕಂಪನಿಯದು’ ಅಂತ ಬರೆಯುವ ಆಸೆ ಆಗುತ್ತದೆ, ಬರೆಯಬೇಡಿ. ಕೊಂಡವರು ಕೇಳಿದರೆ ತೋರಿಸೋಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಹಾಗೇ ಲೇಬಲ್ ತೀರಾ ಹೊಳೆಯುತ್ತಾ ನೆಟ್ಟಗಿದ್ದರೂ ನನಗೆ ಅನುಮಾನವೇ. ಆಮೇಲೆ ಹೊಲಿದದ್ದೂ ಇರಬಹುದು.

ಸರ್‌ಪ್ಲಸ್‌ನಲ್ಲಿ ದೋಷ ಬೇರೆ ಥರ. ಇಲ್ಲಿ ಸವೆತ ಇಲ್ಲ, ಹೊಲಿಗೆಮನೆಯ ತಪ್ಪು ಇರುತ್ತದೆ. ಆರ್ಡರ್‌ಗಿಂತ ಜಾಸ್ತಿಯಾದ ಒಳ್ಳೆ ಮಾಲಿನ ಜೊತೆ ತಪಾಸಣೆಯಲ್ಲಿ ತಿರಸ್ಕಾರವಾದದ್ದನ್ನೂ ಸೇರಿಸಿ ಲಾಟ್ ಕಟ್ಟುವುದುಂಟು. ನನ್ನ 60ರಲ್ಲಿ ಎರಡಕ್ಕೆ ಸೂಜಿ ತೂತು, ಒಂದಕ್ಕೆ ಮಷಿನ್ ಎಣ್ಣೆ. ಇವು ಸುಲಭಕ್ಕೆ ಸಿಕ್ಕವು. ಇನ್ನೊಂದು ಬಗೆ ನನ್ನ ಕಣ್ಣು ತಪ್ಪಿಸಿತು. ಒಂದು ಪ್ಯಾಂಟ್ ಕಳಿಸಿದ ನಾಲ್ಕನೇ ದಿನ ಕೊಂಡವರು ಫೋಟೋ ಹಾಕಿ, ಎರಡು ಕಾಲಿಗೂ ಬೇರೆ ಬೇರೆ ಬಣ್ಣ ಅಂದರು. ಮನೆಯ ದೀಪದಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ಬಿಸಿಲಲ್ಲಿ ಒಂದು ಕಾಲು ಸ್ವಲ್ಪ ಹಸಿರು ಹೊಡೆಯುತ್ತಿತ್ತು. ಬೇರೆ ಬೇರೆ ಸಲ ಬಣ್ಣ ಹಾಕಿದ ಥಾನುಗಳಿಂದ ಎರಡು ಕಾಲು ಕತ್ತರಿಸಿದಾಗ ಹೀಗಾಗುತ್ತದೆ. ಪ್ಯಾಂಟ್ ವಾಪಸ್ ಬಂತು, ಎರಡೂ ಕಡೆಯ ಸಾಗಣೆ ನನ್ನ ತಲೆಗೆ. ಉಳಿದದ್ದನ್ನು ಬಿಸಿಲಿಗೆ ಹಿಡಿದು ನೋಡಿದೆ, ಇನ್ನೂ ಮೂರು ಸಿಕ್ಕವು. ಒಟ್ಟು ಏಳು ಹೋಗಿ ಒಳ್ಳೆಯವು 53. ಲಾಟಿಗೆ ಕೊಟ್ಟದ್ದು 1200, ಅಂದರೆ ಮಾರಬಲ್ಲ ಪೀಸಿಗೆ ಸುಮಾರು 22.6.

ಇಪ್ಪತ್ತು ಮತ್ತು ಇಪ್ಪತ್ತೆರಡೂವರೆ. ಅರ್ಧ ಬೆಲೆ ಅನ್ನೋದು ಅಲ್ಲೇ ಕರಗಿ ಹೋಯಿತು. ಎರಡರ ನಡುವಿನ ನಿಜವಾದ ವ್ಯತ್ಯಾಸ ಬೇರೆ ಎರಡು ಕಡೆ ಇತ್ತು: ನನ್ನ ಸಮಯ, ಮತ್ತು ಅಳತೆ.

ಹಳೇ ಬಟ್ಟೆ ಒಂದೊಂದೂ ಒಂದೊಂದು ಥರ. ಪ್ರತಿಯೊಂದಕ್ಕೂ ಬೇರೆ ಫೋಟೋ, ಬೇರೆ ವಿವರ, ಬೇರೆ ಅಳತೆ. ಲೇಬಲ್ ಮೇಲಿನ ಸೈಜ್ ನಂಬುವ ಹಾಗಿಲ್ಲ, ಒಗೆದು ಒಗೆದು ಕುಗ್ಗಿರುತ್ತದೆ. ನೆಲದ ಮೇಲೆ ಹರಡಿ, ಎಳೆಯದೆ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಟೇಪು ಇಟ್ಟು ಅಳೆದು ಆ ಸಂಖ್ಯೆಯನ್ನೇ ಹಾಕಬೇಕು. ಒಂದು ಪೀಸಿಗೆ ಹತ್ತಿರ ಹತ್ತಿರ 25 ನಿಮಿಷ ಹಿಡಿಯಿತು. ವಿಂಗಡಣೆಯೂ ಸೇರಿ 20 ಗಂಟೆ. ಸರ್‌ಪ್ಲಸ್‌ನಲ್ಲಿ ನಾಲ್ಕು ಡಿಸೈನ್‌ಗೆ ನಾಲ್ಕು ಸಲ ಫೋಟೋ, ತಪಾಸಣೆ ಸೇರಿ ಏಳು ಗಂಟೆ. ಪ್ಯಾಕಿಂಗ್ ಎರಡಕ್ಕೂ ಒಂದೇ ಥರ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಅಳತೆಯ ವಿಷಯದಲ್ಲಿ ಸರ್‌ಪ್ಲಸ್ ನನಗೆ ಚೆನ್ನಾಗಿ ಪಾಠ ಕಲಿಸಿತು. 53ರಲ್ಲಿ ಸ್ಮಾಲ್ 19, ಮೀಡಿಯಂ 6, ಲಾರ್ಜ್ 5, ಡಬಲ್ ಎಕ್ಸ್‌ಎಲ್ 23. ಜನ ಜಾಸ್ತಿ ಕೇಳುವ ನಡುವಿನ ಸೈಜ್ ಮೊದಲೇ ಖಾಲಿಯಾಗಿ ತುದಿಯವು ಉಳಿದಿವೆ. ಅದಕ್ಕೇ ಅದು ‘ಉಳಿದದ್ದು’! ಕೊಳ್ಳುವ ಮೊದಲು ಸೈಜಿನ ಪಟ್ಟಿ ಕೇಳಬೇಕಿತ್ತು, ಕೇಳಲಿಲ್ಲ. ಎಂಟು ವಾರದಲ್ಲಿ ಮೀಡಿಯಂ, ಲಾರ್ಜ್ ಎಲ್ಲ ಹೋದವು, ಉಳಿದವುಗಳಲ್ಲಿ 13. ಒಟ್ಟು 24. ಅದೇ ಲಾಟಿನ ಮಾಲನ್ನು ಇನ್ನೂ ಯಾರೋ ಮಾರುತ್ತಿದ್ದರು, ಅವರು ಬೆಲೆ ಇಳಿಸಿದಾಗಲೆಲ್ಲ ನಾನೂ ಇಳಿಸಬೇಕಾಯಿತು. ಹಳೇ ಬಟ್ಟೆಯಲ್ಲಿ ಈ ಕಾಟ ಇಲ್ಲ. ಆ ಪೀಸ್ ಇರುವುದೇ ಒಂದು.

ಬೆಲೆ ಕಟ್ಟುವಾಗ ಒಂದು ತಪ್ಪು ಮಾಡಿದ್ದೆ, ಅದನ್ನು ಹೇಳಲೇಬೇಕು. ಹಳೇ ಪೀಸಿನ ಅಸಲು 20, ಪ್ಯಾಕಿಂಗ್ 4, ಒಟ್ಟು 24. ಮಾರಾಟದ ಜಾಗದವರು ನೂರಕ್ಕೆ 15 ಕಮಿಷನ್ ಹಿಡಿಯುತ್ತಿದ್ದರು. ನಾನು 24ಕ್ಕೆ ಅದರ ಶೇಕಡಾ 15 ಸೇರಿಸಿ 27.6 ಕನಿಷ್ಠ ಬೆಲೆ ಅಂದುಕೊಂಡೆ. ಆದರೆ ಕಮಿಷನ್ ಹಿಡಿಯುವುದು ಮಾರಿದ ಬೆಲೆಯ ಮೇಲೆ. 27.6ರಲ್ಲಿ 15 ಶೇಕಡಾ ಹೋದರೆ ಕೈಗೆ 23.5 ಕೂಡ ಬರುವುದಿಲ್ಲ. ಸರಿಯಾದ ಲೆಕ್ಕ 24ನ್ನು 0.85ರಿಂದ ಭಾಗಿಸುವುದು, 28.2. ಇದಕ್ಕಿಂತ ಕೆಳಗೆ ಮಾರಿದರೆ ಸಮಯವೂ ಹೋಯಿತು, ಕಾಸೂ ಹೋಯಿತು. ಇದಕ್ಕಿಂತ ಎಷ್ಟು ಮೇಲೆ ಇಡಬೇಕು ಅಂತ ತಿಳಿಯೋಕೆ ಬೇರೆಯವರು ಹಾಕಿಟ್ಟ ಬೆಲೆ ನೋಡಬೇಡಿ. ಮಾರಾಟ ಆಗಿ ಮುಗಿದವುಗಳ ಬೆಲೆ ನೋಡಿ. ಹಾಕಿಟ್ಟದ್ದು ಆಸೆ ಅಷ್ಟೇ. ಬಿ ಗ್ರೇಡಿಗೆ ಎ ಬೆಲೆಯ ಮೂರನೇ ಎರಡು ಪಾಲಿನಿಂದ ಶುರು ಮಾಡುತ್ತೇನೆ. ದೋಷದ ಫೋಟೋವನ್ನು ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆಯುತ್ತೇನೆ, ಎಷ್ಟು ದೊಡ್ಡದು ಅಂತ ತಿಳಿಯಲಿ ಅಂತ. ಹೀಗೆ ತೋರಿಸಿದ ಬಿ ಪೀಸ್ ಒಂದೂ ವಾಪಸ್ ಬಂದಿಲ್ಲ. ವಾಪಸ್ ಬಂದ ಎರಡೂ ನಾನು ‘ಎ’ ಅಂದವು.

ಎಂಟು ವಾರದ ಕೊನೆಗೆ ಹಳೇ ಲಾಟಿನಲ್ಲಿ 29 ಹೋಗಿದ್ದವು, ಸರಾಸರಿ 55ಕ್ಕೆ. ಸಿ ಗ್ರೇಡಿನ 11 ಒಂದೇ ಗಂಟಾಗಿ ಕೌದಿ ಹೊಲಿಯುವವರೊಬ್ಬರಿಗೆ ನೇರವಾಗಿ 66ಕ್ಕೆ. ಎಲ್ಲ ಕಳೆದು ಕೈಗೆ ಉಳಿದದ್ದು ಸುಮಾರು 585. ಸರ್‌ಪ್ಲಸ್‌ನಲ್ಲಿ 24ನ್ನು ಸರಾಸರಿ 58ಕ್ಕೆ ಮಾರಿಯೂ ಇನ್ನೂ 113 ನಷ್ಟದಲ್ಲಿದ್ದೆ. ಹಾಕಿದ ಹಣವೇ ಬಂದಿರಲಿಲ್ಲ. ಆಮೇಲೆ ಎರಡೆರಡು ಪೀಸ್ ಸೇರಿಸಿ ಜೋಡಿಗೆ 70 ಇಟ್ಟೆ. 11 ಜೋಡಿ ಹೋದವು. ಕಮಿಷನ್, ಪ್ಯಾಕಿಂಗ್ ಕಳೆದು ಕೊನೆಗೆ 490ರ ಆಸುಪಾಸು ಲಾಭ ಬಂತು.

ಅಂದರೆ ಒಟ್ಟು ಲಾಭ ಹಳೇದರಲ್ಲಿ ಜಾಸ್ತಿ, ಗಂಟೆಯ ಲೆಕ್ಕದಲ್ಲಿ ಸರ್‌ಪ್ಲಸ್ ಎರಡು ಪಟ್ಟು ಮುಂದೆ. ಬೇಗ ಹಣ ತಿರುಗಬೇಕು, ಸಂಜೆ ಬಿಡುವಿದೆ ಅನ್ನುವವರಿಗೆ ಹಳೇದು. ಹಣ ಮೂರ್ನಾಲ್ಕು ತಿಂಗಳು ಕಟ್ಟಿಕೊಂಡಿದ್ದರೂ ಪರವಾಗಿಲ್ಲ, ಸಮಯ ಇಲ್ಲ ಅನ್ನುವವರಿಗೆ ಸರ್‌ಪ್ಲಸ್. ಮೂರನೆಯದೂ ಒಂದಿದೆ, ಒಂದೊಂದೇ ಹಳೇ ಪೀಸ್ ಕೈಯಾರೆ ಆರಿಸಿ ತರುವುದು. ಅದರಲ್ಲಿ ಚಿಂದಿ ಬರುವುದಿಲ್ಲ, ಆದರೆ ಹುಡುಕಾಟಕ್ಕೇ ದಿನ ಹೋಗುತ್ತದೆ. ಹತ್ತು ಪೀಸಿಗೆ ಸಾಕೆನಿಸಿ ಬಿಟ್ಟೆ.

ಈಗ ನಾನು ಹಳೇದನ್ನು 30ರ ಸಣ್ಣ ಲಾಟಾಗಿ ತಗೊಳ್ಳುತ್ತೇನೆ. ಸರ್‌ಪ್ಲಸ್ ಆದರೆ ಸೈಜಿನ ಪಟ್ಟಿ ಮೊದಲು ಕೇಳುತ್ತೇನೆ. ನಡುವಿನ ಸೈಜ್ ಮೂರನೇ ಒಂದು ಪಾಲಾದರೂ ಇಲ್ಲದಿದ್ದರೆ ಬೇಡ ಅನ್ನುತ್ತೇನೆ. ಆ ಮೊದಲ ಲಾಟಿನ ಏಳು ಡಬಲ್ ಎಕ್ಸ್‌ಎಲ್ ಟಾಪ್ ಇನ್ನೂ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿವೆ. ಯಾರಿಗಾದರೂ ಬೇಕಿದ್ದರೆ ಜೋಡಿಗೆ 60ಕ್ಕೂ ಕೊಡುತ್ತೇನೆ.